ಒಂದು ನಿಮಿಷದಲ್ಲಿ 80% ಲಾಭ ಅಂತಾನೆ ನನ್ನ ತಮ್ಮ. ಇದು ಟ್ರೇಡಿಂಗಾ, ಬೆಟ್ಟಿಂಗಾ?

ಮೌನಗೌರಿ
ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಈಗೀಗ ಫೋನಲ್ಲಿ ಬೈನರಿ ಆಪ್ಷನ್ ಆಡೋದು ಕಲ್ತಿದ್ದಾನೆ. "ಆಡೋದು" ಅಂದ್ರೆ ಅವನಿಗೆ ಸಿಟ್ಟು ಬರುತ್ತೆ, "ಟ್ರೇಡಿಂಗ್ ಅಕ್ಕಾ" ಅಂತಾನೆ. ಅವನು ತೋರಿಸಿದ್ದು ಇಷ್ಟು: ಪರದೆ ಮೇಲೆ EUR/USD ಬೆಲೆಯ ಗೆರೆ ಓಡ್ತಿರುತ್ತೆ. 100 ಹಾಕಿ ಮೇಲೆ ಅಥವಾ ಕೆಳಗೆ ಅಂತ ಒತ್ತಬೇಕು. ಒಂದು ನಿಮಿಷ ಆದ್ಮೇಲೆ ಹೇಳಿದ ಕಡೆ ಹೋಗಿದ್ರೆ 180 ವಾಪಸ್, ಇಲ್ಲಾಂದ್ರೆ 100 ಹೋಯ್ತು. ಡೆಮೊ ಖಾತೆಯಲ್ಲಿ ನೂರರಲ್ಲಿ 58 ಗೆದ್ದಿದ್ದಾನಂತೆ. ಈಗ ನಿಜವಾದ ದುಡ್ಡು ಹಾಕ್ತೀನಿ, ಹಾಕಿದಷ್ಟೇ ಬೋನಸ್ಸೂ ಕೊಡ್ತಾರೆ ಅಂತ ಕುಣೀತಿದ್ದಾನೆ. ನನಗೆ ಯಾಕೋ ಸರಿ ಅನ್ನಿಸ್ತಿಲ್ಲ. ಆದ್ರೆ ಎಲ್ಲಿ ತಪ್ಪಿದೆ ಅಂತ ಬೆರಳಿಟ್ಟು ತೋರಿಸೋಕೆ ಆಗ್ತಿಲ್ಲ. ಯಾರಾದ್ರೂ ಬಿಡಿಸಿ ಹೇಳ್ತೀರಾ?

ನೇರಮಾತು
ಜೂಜು. ಮುಗೀತು.

ಹಸಿರುಕ್ಯಾಂಡಲ್
ಎರಡೇ ಪದದಲ್ಲಿ ತೀರ್ಪು ಕೊಟ್ಬಿಟ್ರಲ್ಲ ಸ್ವಾಮಿ. ಷೇರು ಕೊಂಡ್ರೂ ಅದು ಮೇಲೆ ಹೋಗುತ್ತೆ ಅನ್ನೋ ಊಹೆ ತಾನೆ? ಬೈನರಿ ಆಪ್ಷನ್ ಯಾರೋ ಗಲ್ಲಿಯಲ್ಲಿ ಹುಟ್ಟಿಸಿದ್ದಲ್ಲ. 2008ರಲ್ಲೇ ಅಮೆರಿಕದ CBOE ಎಕ್ಸ್‌ಚೇಂಜಿನಲ್ಲಿ S&P 500 ಸೂಚ್ಯಂಕದ ಮೇಲೆ ಇದು ಲಿಸ್ಟ್ ಆಗಿತ್ತು. ಬ್ಯಾಂಕುಗಳೂ ಇಂಥದ್ದನ್ನ ಬಳಸ್ತವೆ. ಇನ್ನೊಂದು ವಿಷಯ, ಇಲ್ಲಿ ನಷ್ಟ ಎಷ್ಟು ಅಂತ ಮೊದಲೇ ಗೊತ್ತು. 100 ಹಾಕಿದ್ರೆ 100ಕ್ಕಿಂತ ಒಂದು ಪೈಸೆ ಜಾಸ್ತಿ ಹೋಗಲ್ಲ. ಫ್ಯೂಚರ್ಸ್‌ನಲ್ಲಿ ಮನೆಮಠ ಕಳ್ಕೊಂಡವರಿದ್ದಾರೆ. ಹಾಗೆ ನೋಡಿದ್ರೆ ಇದೇ ವಾಸಿ.

ಲೆಕ್ಕದಪುಸ್ತಕ
ಹಸಿರುಕ್ಯಾಂಡಲ್ ಅವರ ಮಾತಲ್ಲಿ ಅರ್ಧ ನಿಜ. ಅಂಥ ಒಪ್ಪಂದಗಳು ಎಕ್ಸ್‌ಚೇಂಜಿನಲ್ಲಿ ಇದ್ದವು. ಆದ್ರೆ ಅಲ್ಲಿ ಕೊಳ್ಳುವವನಿಗೆ ಎದುರಾಗಿ ಮಾರುವವನು ಬೇರೊಬ್ಬ. ಬೆಲೆ 0ರಿಂದ 100ರ ನಡುವೆ ಅವರವರೇ ಕುದುರಿಸ್ಕೊಳ್ತಾರೆ. ಗೌರಿಯವರ ತಮ್ಮನ ಆ್ಯಪಿನಲ್ಲಿ ಎದುರಿಗೆ ಕೂತಿರೋದು ಆ್ಯಪೇ. ಅವನು ಸೋತ 100 ಅದರ ಜೇಬಿಗೆ ಹೋಗುತ್ತೆ, ಗೆದ್ದ 80 ಅದರ ಜೇಬಿಂದ ಬರುತ್ತೆ.

ಗೌರಿಯವರೇ, ನೀವು ಬೆರಳಿಡಬೇಕಾದ್ದು ಆ 80ರ ಮೇಲೆ. ಸೋತರೆ 100 ಪೂರ್ತಿ ಹೋಗುತ್ತೆ, ಗೆದ್ದರೆ 80 ಮಾತ್ರ ಬರುತ್ತೆ. ಮುಂದಿನ ಒಂದು ನಿಮಿಷ ಬೆಲೆ ಏರುತ್ತೋ ಇಳಿಯುತ್ತೋ ಅನ್ನೋದು ಹೆಚ್ಚುಕಡಿಮೆ ಸಮಸಮ ಅಂತಿಟ್ಕೊಳ್ಳಿ. ನೂರು ಸಲ ಆಡಿದ್ರೆ 50 ಗೆಲುವಿಗೆ 4,000 ಬಂತು, 50 ಸೋಲಿಗೆ 5,000 ಹೋಯ್ತು. ಅಂದ್ರೆ ಪ್ರತಿ 100ಕ್ಕೆ ಸರಾಸರಿ 10 ಕೈಬಿಡ್ತಾ ಇದೆ, ಅದೂ ನಿಮಿಷಕ್ಕೊಂದು ಸಲ. ಲಾಭ ಬೇಡ, ಬರೀ ಅಸಲು ಉಳೀಬೇಕು ಅಂದ್ರೂ ನೂರಕ್ಕೆ 55.6 ಸಲ ಗೆಲ್ಲಬೇಕು. ಗೆಲುವಿಗೆ 70% ಕೊಡೋ ಆಟವಾದ್ರೆ 58.8 ಆಗುತ್ತೆ. ಒಂದೇ ಸೊನ್ನೆ ಇರೋ ರೂಲೆಟ್ ಚಕ್ರ ಕ್ಯಾಸಿನೊಗೆ ಉಳಿಸಿಕೊಡೋದು 100ಕ್ಕೆ 2.7. ಹೋಲಿಸಿ ನೋಡಿ.

"ನಷ್ಟ ಸೀಮಿತ" ಅನ್ನೋದಕ್ಕೂ ಒಂದು ಮಾತು. ಷೇರು ಕೊಂಡು ಬೆಲೆ 1% ಇಳಿದ್ರೆ 1% ಹೋಗುತ್ತೆ. ಇಲ್ಲಿ ಬೆಲೆ 1.08432 ಇದ್ದದ್ದು 1.08431 ಆದ್ರೆ ಹಾಕಿದ್ದು ಪೂರ್ತಿ ಹೋಗುತ್ತೆ. ನಿಮ್ಮ ಊಹೆ ಎಷ್ಟು ಸರಿ ಅನ್ನೋದಕ್ಕೆ ಬೆಲೆಯೇ ಇಲ್ಲ. ಕೂದಲೆಳೆಯಷ್ಟು ಸರಿಯಾದ್ರೂ 80, ಭರ್ಜರಿಯಾಗಿ ಸರಿಯಾದ್ರೂ 80.

ಸಂಜೆಗಾಳಿ
ನಾನೂ ಆಪ್ಷನ್ ಮಾರ್ತೀನಿ, ಒಪ್ಪೋಕಾಗಲ್ಲ. ಸ್ಟ್ರೈಕ್ ದೂರದ್ದು ಆರಿಸ್ಕೊಂಡು, ವೊಲಟಿಲಿಟಿ ಜಾಸ್ತಿ ಇದ್ದಾಗ ಮಾರಿದ್ರೆ ಪ್ರೀಮಿಯಂ ಕೈಗೆ ಬಂದೇ ಬರುತ್ತೆ. ತಮ್ಮನಿಗೆ ಹೆಡ್ಜ್ ಮಾಡೋದು ಕಲಿಸಿ, ಅಷ್ಟೇ.

ಮೂಲೆಬೆಂಚು
ಸಂಜೆಗಾಳಿ ಸಾರ್, ಪ್ರಶ್ನೆ ಇನ್ನೊಂದ್ಸಲ ಓದಿ. ಆ ಆ್ಯಪಿನಲ್ಲಿ ಮಾರೋ ಬಟನ್ನೇ ಇಲ್ಲ. ಮೇಲೆ, ಕೆಳಗೆ. ಎರಡೇ. ಮಾರೋ ಕೆಲಸ ಆ್ಯಪಿನವರೇ ಇಟ್ಕೊಂಡಿದ್ದಾರೆ, ಯಾಕೆ ಅಂತ ಈಗ ಗೊತ್ತಾಯ್ತಲ್ಲ 😄

ಸಂಜೆಗಾಳಿ
ಓ, ಅದಾ. ಹಾಗಾದ್ರೆ ನನ್ನ ಮಾತು ಬಿಡಿ.

ಹಸಿರುಕ್ಯಾಂಡಲ್
ಲೆಕ್ಕದಪುಸ್ತಕ ಅವರೇ, ನಿಮ್ಮ ಲೆಕ್ಕ ಎಲ್ಲ ಸಲವೂ ಒಂದೇ ಮೊತ್ತ ಹಾಕಿದ್ರೆ ಮಾತ್ರ. ಅನುಭವ ಇರೋರು ಹಾಗೆ ಆಡಲ್ಲ. ಸೋತ ಕೂಡ್ಲೇ ಮುಂದಿನ ಸಲ ಎರಡು ಪಟ್ಟು. ಯಾವಾಗಾದ್ರೂ ಒಂದ್ಸಲ ಗೆದ್ದೇ ಗೆಲ್ತೀವಲ್ಲ, ಆಗ ಹಳೇದೆಲ್ಲ ವಾಪಸ್.

ಲೆಕ್ಕದಪುಸ್ತಕ
ಅದನ್ನೇ ಕೂಡಿ ಕಳೆದು ನೋಡೋಣ. 100 ಹಾಕಿ ಸೋತ್ರಿ. 200 ಹಾಕಿ ಗೆದ್ರೆ 160 ಬರುತ್ತೆ, ಹಳೇ 100 ಕಳೆದ್ರೆ 60 ಉಳೀತು. ಸರಿ. ಎರಡೂ ಸೋತು 400 ಹಾಕಿ ಗೆದ್ರೆ 320 ಬಂತು, ಹಳೇ 300 ಕಳೆದ್ರೆ ಉಳಿದದ್ದು 20. ಮೂರೂ ಸೋತು 800 ಹಾಕಿ ಗೆದ್ರೆ 640 ಬರುತ್ತೆ. ಹಳೇ ಸೋಲು 700. ಅಂದ್ರೆ ಗೆದ್ದೂ 60 ನಷ್ಟ! ದುಪ್ಪಟ್ಟು ಮಾಡೋ ಉಪಾಯ ಸಮಸಮ ಕೊಡೋ ಆಟಕ್ಕೆ ಹುಟ್ಟಿದ್ದು. 80% ಕೊಡೋ ಕಡೆ ನಾಲ್ಕನೇ ಮೆಟ್ಟಿಲಿಗೇ ಅದು ಮುರಿದು ಬೀಳುತ್ತೆ.

ಹಸಿರುಕ್ಯಾಂಡಲ್
ಎರಡು ಪಟ್ಟು ಸಾಲದಿದ್ರೆ ಎರಡೂಕಾಲು ಪಟ್ಟು ಮಾಡಿ. ಅದಕ್ಕೇನಂತೆ. ಗ್ರೂಪಿನಲ್ಲಿ ಅದರ ಪಟ್ಟಿಯೇ ಕೊಡ್ತಾರೆ.

ಲೆಕ್ಕದಪುಸ್ತಕ
ಕೊಡ್ತಾರೆ, ನೋಡಿದ್ದೀನಿ. 100, 225, 506, 1,139, 2,563, 5,767. ಆರು ಮೆಟ್ಟಿಲಿಗೆ ಒಟ್ಟು 10,300. ಎಲ್ಲಾ ಸರಿಯಾದ್ರೆ ಇಷ್ಟೂ ಸಾಹಸದ ಕೊನೆಗೆ ಸಿಗೋ ಲಾಭ 80. ಸತತ ಆರು ಸೋಲು ಎಲ್ಲಿ ಬರುತ್ತೆ ಅಂತ ಅನ್ನಿಸಬಹುದು. ಸಮಸಮ ಆಟವನ್ನ 200 ಸಲ ಆಡಿದ್ರೆ ಎಲ್ಲೋ ಒಂದು ಕಡೆ ಅಂಥ ಸಾಲು ಬರೋ ಸಾಧ್ಯತೆ ಮುಕ್ಕಾಲಿಗಿಂತ ಹೆಚ್ಚು. ಒಂದು ನಿಮಿಷದ ಆಟದಲ್ಲಿ 200 ಸಲ ಅಂದ್ರೆ ಒಂದೆರಡು ಸಂಜೆ. ಅದರ ಮೇಲೆ, ಒಂದು ಟ್ರೇಡಿಗೆ ಗರಿಷ್ಠ ಇಷ್ಟೇ ಹಾಕಬಹುದು ಅಂತ ಆ್ಯಪಿನಲ್ಲಿ ಮಿತಿ ಇರುತ್ತೆ. ಆ ಮಿತಿ ಮುಟ್ಟಿದ್ರೆ ನಿಮ್ಮ ಪಟ್ಟಿ ಅಲ್ಲಿಗೇ ನಿಂತು ಹೋಗುತ್ತೆ.

ನೇರಮಾತು
ನಾನು ಇದನ್ನೇ ಎರಡು ಪದದಲ್ಲಿ ಹೇಳಿದ್ದೆ.

ಮೌನಗೌರಿ
ತುಂಬಾ ಉಪಕಾರವಾಯ್ತು. ಈ 55.6ರ ಮಾತು ಅವನಿಗೆ ಹೇಳಿದೆ. "ನಾನು 58 ಗೆದ್ದಿದ್ದೀನಲ್ಲಕ್ಕ, 55.6ಕ್ಕಿಂತ ಜಾಸ್ತಿ ತಾನೆ" ಅಂದ! ಏನು ಹೇಳಲಿ?

ಮೂಲೆಬೆಂಚು
ಹುಡುಗ ಬುದ್ಧಿವಂತನೇ.

ಲೆಕ್ಕದಪುಸ್ತಕ
ಬುದ್ಧಿವಂತನೇ, ಅದಕ್ಕೇ ಸರಿಯಾದ ಉತ್ತರ ಕೊಡಬೇಕು. ಏನೂ ತಿಳಿಯದೆ ನಾಣ್ಯ ಚಿಮ್ಮಿ "ಮೇಲೆ, ಕೆಳಗೆ" ಅನ್ನೋರನ್ನ ಕೂರಿಸಿದ್ರೂ ಸುಮಾರು 15 ಜನರಲ್ಲಿ ಒಬ್ಬನಿಗೆ ನೂರರಲ್ಲಿ 58 ಅಥವಾ ಅದಕ್ಕಿಂತ ಹೆಚ್ಚು ಬರುತ್ತೆ. ಡೆಮೊ ಆಡೋ ಸಾವಿರಾರು ಜನರಲ್ಲಿ ದುಡ್ಡು ಹಾಕೋಕೆ ಮುಂದೆ ಬರೋರು ಈ ಹದಿನೈದರಲ್ಲೊಬ್ಬರೇ. ಉಳಿದವರು ಬೇಜಾರಾಗಿ ಆ್ಯಪ್ ಅಳಿಸಿರ್ತಾರೆ. 55.6ನ್ನು ನಿಜವಾಗಿ ದಾಟ್ತಿದ್ದಾನಾ ಅಂತ ತಿಳೀಬೇಕಾದ್ರೆ ನೂರಲ್ಲ, ಸಾವಿರಗಟ್ಟಲೆ ಟ್ರೇಡ್ ಬೇಕು. ಡೆಮೊದಲ್ಲೇ ಮುಂದುವರಿಸು, ಪ್ರತಿಯೊಂದನ್ನೂ ಆಡೋ ಮೊದಲೇ ಬರೆದಿಡು, ಮಧ್ಯೆ ಖಾತೆ ರೀಸೆಟ್ ಮಾಡಬೇಡ ಅಂತ ಹೇಳಿ. ನೂರರ ಲೆಕ್ಕ ಶುರು ಮಾಡಿದ್ದು ಯಾವಾಗ ಅಂತಲೂ ಕೇಳಿ. ಎಷ್ಟೋ ಜನ ಚೆನ್ನಾಗಿ ಬಂದ ಜಾಗದಿಂದ ಎಣಿಸ್ತಾರೆ.

ಹಳೇಖಾತೆ
ಬೋನಸ್ ಅಂದ್ರಲ್ಲ, ಅಲ್ಲಿ ನಿಲ್ಲಿಸಿ ಅವನನ್ನ. ನನ್ನ ಕಥೆ ಕೇಳಿ. ನಾನು 1,000 ಹಾಕಿದೆ, 1,000 ಬೋನಸ್ ಬಂತು. ಖಾತೆಯಲ್ಲಿ 2,000 ಕಾಣುತ್ತೆ, ಖುಷಿಯೋ ಖುಷಿ. ಸ್ವಲ್ಪ ದಿನ ಗೆದ್ದೆ ಕೂಡ. ತೆಗೀಲಿಕ್ಕೆ ಹೋದ್ರೆ "ವಹಿವಾಟಿನ ಷರತ್ತು ಪೂರ್ಣವಾಗಿಲ್ಲ" ಅಂತ ಬಂತು. ಬೋನಸ್ಸಿನ 30 ಪಟ್ಟು ಆಡಿ ಮುಗಿಸೋವರೆಗೂ ನಾನೇ ಹಾಕಿದ ದುಡ್ಡೂ ಹೊರಗೆ ಬರಲ್ಲ. ಬೋನಸ್ ಬೇಡ, ನನ್ನದು ಕೊಡಿ ಅಂತ ಚಾಟ್‌ನಲ್ಲಿ ಅಂಗಲಾಚಿದೆ. ಒಂದು ಸಲ ಗುರುತಿನ ಚೀಟಿ ಕೇಳಿದ್ರು, ಆಮೇಲೆ ಫೋಟೊ ಮಸುಕಾಗಿದೆ ಅಂದ್ರು, ಆಮೇಲೆ ಕಾರ್ಡಿನ ಎರಡೂ ಬದಿ ಕೇಳಿದ್ರು. ಅಷ್ಟರಲ್ಲಿ "ನಿಮ್ಮ ವೈಯಕ್ತಿಕ ಸಲಹೆಗಾರ" ಅಂತ ಒಬ್ಬ ದಿನಾ ಫೋನ್ ಮಾಡಿ ಇನ್ನೂ ಹಾಕಿ ಅಂತ ಪ್ರಾಣ ತಿಂದ. ಹಾಕೋವಾಗ ಅರ್ಧ ನಿಮಿಷ ಸಾಕಾಗಿತ್ತು.

ಲೆಕ್ಕದಪುಸ್ತಕ
ಹಳೇಖಾತೆಯವರ ಷರತ್ತನ್ನೇ ತಗೊಳ್ಳಿ. 1,000ದ 30 ಪಟ್ಟು ಅಂದ್ರೆ 30,000 ಹಾಕಿ ಆಡಬೇಕು. ಪ್ರತಿ 100ಕ್ಕೆ 10 ಸೋರ್ತಾ ಇದ್ರೆ 30,000ಕ್ಕೆ 3,000 ಸೋರುತ್ತೆ. ಖಾತೆಯಲ್ಲಿ ಇರೋದೇ 2,000. ಅದೃಷ್ಟ ಇದ್ದ ಕೆಲವರು ದಾಟ್ತಾರೆ, ಬಹುಪಾಲು ಜನ ದಡ ಸೇರೋ ಮೊದಲೇ ಖಾಲಿ. ಕೊಡದೆ ಮೋಸ ಮಾಡಬೇಕು ಅಂತಲೂ ಇಲ್ಲ, ಷರತ್ತೇ ಆ ಕೆಲಸ ಮಾಡುತ್ತೆ.

ದುಡ್ಡು ಈಗಾಗ್ಲೇ ಸಿಕ್ಕಿಹಾಕ್ಕೊಂಡಿರೋರು ಕಾರ್ಡಿನಲ್ಲಿ ಕಟ್ಟಿದ್ರೆ ತಡ ಮಾಡದೆ ಕಾರ್ಡ್ ಕೊಟ್ಟ ಬ್ಯಾಂಕಿಗೆ ವಿವಾದ ದಾಖಲಿಸಿ. ಅದಕ್ಕೆ ಗಡುವು ಇರುತ್ತೆ. ಚಾಟ್‌ನ ಸ್ಕ್ರೀನ್‌ಶಾಟ್, ಷರತ್ತುಗಳ ಪುಟ ಎಲ್ಲ ಎತ್ತಿಡಿ. ಕ್ರಿಪ್ಟೊದಲ್ಲಿ ಕಳಿಸಿದ್ರೆ ಈ ದಾರಿ ಇಲ್ಲ.

ಹಳೇಖಾತೆ
ಅದಾದ್ಮೇಲೆ ಇನ್ನೊಬ್ಬ ಫೋನ್ ಮಾಡಿದ, ನಿಮ್ಮ ಹಣ ವಾಪಸ್ ಕೊಡಿಸ್ತೀವಿ, ಮೊದಲು ಶುಲ್ಕ ಕಟ್ಟಿ ಅಂತ. ನನ್ನ ಖಾತೆಯ ಮೊತ್ತ ಅವನಿಗೆ ಹೇಗೆ ಗೊತ್ತಾಯ್ತೋ!

ನೇರಮಾತು
ಗ್ರಾಹಕರ ಪಟ್ಟಿ ಮಾರಿದ್ದಾರೆ. ಕಟ್ಟಬೇಡಿ. ನಂಬರ್ ಬ್ಲಾಕ್ ಮಾಡಿ.

ಟಿಕ್‌ಟಿಕ್
ಬೆಲೆಯ ವಿಷಯ ಯಾರೂ ಎತ್ತಲೇ ಇಲ್ಲವಲ್ಲ. ನಾನು ಬೆಲೆಯ ಡೇಟಾ ಫೀಡ್‌ಗಳ ಮೇಲೆ ಕೆಲಸ ಮಾಡೋನು (ಬೈನರಿ ಕಂಪನಿಯಲ್ಲಲ್ಲ). ಕರೆನ್ಸಿಗೆ ಷೇರಿನ ಹಾಗೆ ಒಂದೇ ಅಧಿಕೃತ ಬೆಲೆ ಅಂತ ಇಲ್ಲ. ಒಂದೊಂದು ಬ್ಯಾಂಕ್ ಒಂದೊಂದು ಬೆಲೆ ಹೇಳುತ್ತೆ, ಕೊನೇ ಅಂಕಿಯಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇದ್ದೇ ಇರುತ್ತೆ. ವರ್ಷಗಟ್ಟಲೆ ಹೂಡಿಕೆ ಮಾಡೋನಿಗೆ ಆ ಕೊನೇ ಅಂಕಿ ಲೆಕ್ಕಕ್ಕೇ ಇಲ್ಲ. ಒಂದು ನಿಮಿಷದ ಒಪ್ಪಂದದಲ್ಲಿ ಗೆಲುವು ಸೋಲು ತೀರ್ಮಾನ ಆಗೋದೇ ಎಷ್ಟೋ ಸಲ ಅದರ ಮೇಲೆ. ಆ ಅಂಕಿಯನ್ನ ಪರದೆ ಮೇಲೆ ಬರೆಯೋದು, ನೀವು ಸೋತರೆ ಲಾಭ ಪಡೆಯೋ ಅದೇ ಕಂಪನಿ. ಎಲ್ಲರೂ ತಿದ್ದುತಾರೆ ಅಂತ ನಾನು ಹೇಳ್ತಿಲ್ಲ. 80% ಕೊಟ್ಟೇ ಗೆಲ್ಲೋ ಆಟದಲ್ಲಿ ತಿದ್ದೋ ಅವಶ್ಯಕತೆಯೂ ಇಲ್ಲ.

ಪರೀಕ್ಷೆ ಮಾಡೋದಾದ್ರೆ ಆ್ಯಪ್ ಪಕ್ಕದಲ್ಲಿ ಬೇರೆ ಎರಡು ಕಡೆಯ ಬೆಲೆ ತೆರೆದಿಟ್ಟು, ಅವಧಿ ಮುಗಿಯೋ ಸೆಕೆಂಡನ್ನ ರೆಕಾರ್ಡ್ ಮಾಡಿ. ವ್ಯತ್ಯಾಸ ಎರಡೂ ಕಡೆ ಸಮನಾಗಿ ಬಂದ್ರೆ ಸಹಜ. ಯಾವಾಗಲೂ ನಿಮಗೆ ವಿರುದ್ಧವಾಗೇ ಬಂದ್ರೆ, ಅದರಲ್ಲೂ ದೊಡ್ಡ ಮೊತ್ತ ಹಾಕಿದಾಗ ಮಾತ್ರ ಬಂದ್ರೆ ಯೋಚಿಸಿ. ಇನ್ನೊಂದು, ಪಟ್ಟಿಯಲ್ಲಿ EUR/USD OTC ಅಂತ ಇದೆಯಾ ನೋಡಿ. ಶನಿವಾರ ಕರೆನ್ಸಿ ಮಾರುಕಟ್ಟೆಯೇ ಮುಚ್ಚಿರುತ್ತೆ, ಆದ್ರೂ ಆ ಗೆರೆ ಕುಣೀತಾನೇ ಇರುತ್ತೆ. ಆ ಬೆಲೆ ಆ್ಯಪಿನವರದ್ದೇ ತಯಾರಿ. ಅದಕ್ಕೆ ಹೋಲಿಸೋಕೆ ಹೊರಗೆ ಏನೂ ಇಲ್ಲ.

ಹ್ಞಾಂ, ಬೆಲೆ ಕೊನೆಗೆ ಎಲ್ಲಿ ಶುರುವಾಯ್ತೋ ಅಲ್ಲೇ ನಿಂತ್ರೆ ಏನು ಅಂತ ಷರತ್ತಿನಲ್ಲಿ ಓದಿ. ಕೆಲವರು ಹಾಕಿದ್ದನ್ನ ವಾಪಸ್ ಕೊಡ್ತಾರೆ, ಕೆಲವರು ಸೋಲು ಅಂತ ಬರ್ಕೊಳ್ತಾರೆ.

ಮೌನಗೌರಿ
ಅಯ್ಯೋ, ಅವನು ಆಡೋದೇ ಶನಿವಾರ, ಭಾನುವಾರ! ರಜಾ ದಿನ ಅಂತ.

ಮೂಲೆಬೆಂಚು
ಯುರೋ ಡಾಲರ್ ಎರಡೂ ಮಲಗಿರೋ ಹೊತ್ತಲ್ಲಿ ಚಾರ್ಟ್ ಅಧ್ಯಯನ. ಭೇಷ್.

ಇಬ್ಬದಿ
ಬೈನರಿ ಆ್ಯಪ್‌ಗಳ ಬಗ್ಗೆ ನೀವೆಲ್ಲ ಹೇಳಿದ್ದು ಒಪ್ತೀನಿ. ಆದ್ರೆ ಒಂದು ಘಟನೆ ನಡೆಯುತ್ತಾ ಇಲ್ಲವಾ ಅಂತ "ಹೌದು" ಅಥವಾ "ಇಲ್ಲ" ಕೊಳ್ಳೋ ಪ್ರೆಡಿಕ್ಷನ್ ಮಾರುಕಟ್ಟೆಗಳನ್ನ ಅದರ ಜೊತೆ ಸೇರಿಸಬೇಡಿ. Kalshi, Polymarket ಥರದ ಕಡೆ ಎದುರಿಗೆ ಇರೋದು ಇನ್ನೊಬ್ಬ ಬಳಕೆದಾರ. "ಹೌದು" 62ಕ್ಕೆ ಸಿಗ್ತಿದೆ ಅಂದ್ರೆ ಜನ ಅದಕ್ಕೆ ಸುಮಾರು 62% ಸಾಧ್ಯತೆ ಇದೆ ಅಂತಿದ್ದಾರೆ. ಸರಿಯಾದ್ರೆ 100, ತಪ್ಪಾದ್ರೆ ಸೊನ್ನೆ. ಬೇಡ ಅನ್ನಿಸಿದ್ರೆ ಮಧ್ಯದಲ್ಲೇ ಮಾರಬಹುದು. ವೇದಿಕೆಗೆ ಶುಲ್ಕ ಬಂದ್ರೆ ಸಾಕು, ಯಾರು ಗೆದ್ರೂ ಅದಕ್ಕೆ ಒಂದೇ.

ಲೆಕ್ಕದಪುಸ್ತಕ
ಈ ವ್ಯತ್ಯಾಸ ನಿಜವಾದದ್ದು, ಸಣ್ಣದೂ ಅಲ್ಲ. ವೇದಿಕೆ ನಿಮ್ಮ ವಿರುದ್ಧ ಕೂತಿಲ್ಲ. ಆದ್ರೆ ಅಷ್ಟಕ್ಕೇ ಬೆಟ್ಟಿಂಗ್ ಅಲ್ಲ ಅಂತ ಆಗಲ್ಲ. Betfair 2000ದಿಂದ ಇದನ್ನೇ ಮಾಡ್ತಿದೆ. ಒಬ್ಬ ಪರ, ಒಬ್ಬ ವಿರುದ್ಧ, ಮಧ್ಯೆ ಕಮಿಷನ್. ಅದನ್ನ ಎಲ್ಲರೂ ಬೆಟ್ಟಿಂಗ್ ಎಕ್ಸ್‌ಚೇಂಜ್ ಅಂತಲೇ ಕರೀತಾರೆ.

"ಹೌದು" ಕೊಳ್ಳೋಕೆ 52, "ಇಲ್ಲ" ಕೊಳ್ಳೋಕೆ 51 ಅಂತ ಪರದೆಯಲ್ಲಿದೆ ಅನ್ನಿ. ಎರಡನ್ನೂ ಕೊಂಡ್ರೆ 103 ಕೊಟ್ಟು 100 ತಗೊಂಡ ಹಾಗೆ. ಆ 3 ಬೆಲೆ ಇಟ್ಟು ಕಾಯ್ತಾ ಕೂತವನಿಗೆ ಹೋಗುತ್ತೆ, ಅದರ ಮೇಲೆ ವೇದಿಕೆಯ ಶುಲ್ಕ. ತಿಂಗಳುಗಟ್ಟಲೆ ನಡೆಯೋ ವಿಷಯದಲ್ಲಿ ಒಂದೇ ಸಲ ಈ 3 ಕೊಟ್ರೆ ಪರವಾಗಿಲ್ಲ. ಬಿಟ್‌ಕಾಯಿನ್ ಮುಂದಿನ 15 ನಿಮಿಷದಲ್ಲಿ ಏರುತ್ತಾ ಅನ್ನೋ ಒಪ್ಪಂದಗಳಲ್ಲಿ ಗಂಟೆಗೆ ನಾಲ್ಕು ಸಲ ಕೊಡ್ತೀರಿ. ಅಲ್ಲಿ ಎದುರಿಗೆ ಕೂತಿರೋ "ಇನ್ನೊಬ್ಬ ಬಳಕೆದಾರ" ಎಷ್ಟೋ ಸಲ ನಿಮಗಿಂತ ವೇಗದ ಫೀಡ್ ಇರೋ ಪ್ರೋಗ್ರಾಂ.

ಇಬ್ಬದಿ
ಒಪ್ಪಲ್ಲ. ನಾನೂ ಬೆಲೆ ಇಟ್ಟು ಕಾಯಬಹುದಲ್ಲ? ಆಗ ಆ 3 ನನಗೇ. ಬೈನರಿ ಆ್ಯಪಿನಲ್ಲಿ ಆ ಅವಕಾಶವೇ ಇಲ್ಲ.

ಟಿಕ್‌ಟಿಕ್
ಕಾಯಬಹುದು. ಬೆಲೆ ನಿಮಗೆ ವಿರುದ್ಧ ತಿರುಗಿದ ಮರುಕ್ಷಣ ನಿಮ್ಮ ಆರ್ಡರನ್ನೇ ಮೊದಲು ಎತ್ತಿಕೊಳ್ತಾರೆ. ನಿಮ್ಮ ಪರ ತಿರುಗಿದಾಗ ಯಾರೂ ಮುಟ್ಟಲ್ಲ.

ಇಬ್ಬದಿ
15 ನಿಮಿಷದ್ದಕ್ಕೆ ಸರಿ ಇರಬಹುದು. ಚುನಾವಣೆ, ಬಡ್ಡಿ ದರ ಇಂಥದ್ದಕ್ಕೆ ಈ ವಾದ ನಿಲ್ಲಲ್ಲ. ಬಡ್ಡಿ ಏರಿದ್ರೆ ನಷ್ಟ ಆಗೋ ವ್ಯಾಪಾರಿ "ಏರುತ್ತೆ" ಅನ್ನೋದನ್ನ ಕೊಂಡಿಟ್ರೆ ಅದು ವಿಮೆ.

ನೇರಮಾತು
15 ನಿಮಿಷದ ಬಿಟ್‌ಕಾಯಿನ್ನಿಂದ ಯಾರಿಗೆ ಏನು ವಿಮೆ?

ಇಬ್ಬದಿ
ಅದನ್ನ ನಾನು ಸಮರ್ಥಿಸ್ಲೇ ಇಲ್ಲ.

ಹಸಿರುಕ್ಯಾಂಡಲ್
ಎಲ್ಲರೂ ಜೂಜು ಜೂಜು ಅಂತೀರಿ. ಹಾಗಿದ್ರೆ ಸರ್ಕಾರಗಳು ಹಣಕಾಸಿನ ನಿಯಂತ್ರಕರ ಕೆಳಗೆ ಯಾಕೆ ಇಡ್ತವೆ?

ಲೆಕ್ಕದಪುಸ್ತಕ
ಒಳ್ಳೇ ಪ್ರಶ್ನೆ. ಬ್ರಿಟನ್ನಿನಲ್ಲಿ ಇದೇ ಬೈನರಿ ಆಪ್ಷನ್ 2018ರ ಜನವರಿವರೆಗೂ ಜೂಜಿನ ಆಯೋಗದ ಕೆಳಗಿತ್ತು. ಆಮೇಲೆ ಹಣಕಾಸಿನ ನಿಯಂತ್ರಕ FCA ಕೈಗೆ ಬಂತು. FCA 2019ರ ಏಪ್ರಿಲ್‌ನಲ್ಲಿ ಸಾಮಾನ್ಯ ಜನರಿಗೆ ಮಾರೋದನ್ನೇ ಶಾಶ್ವತವಾಗಿ ನಿಷೇಧಿಸ್ತು. ಯುರೋಪಿನ ESMA ಅದಕ್ಕೂ ಮೊದಲು 2018ರ ಜುಲೈಯಲ್ಲಿ ತಡೆ ಹಾಕಿತ್ತು. ಇಂಥ ಕಂಪನಿಗಳು ಹುಲುಸಾಗಿ ಬೆಳೆದಿದ್ದ ಇಸ್ರೇಲ್ 2017ರಲ್ಲಿ ಆ ಉದ್ಯಮವನ್ನೇ ಕಾನೂನು ತಂದು ಮುಚ್ಚಿಸ್ತು. ಆಸ್ಟ್ರೇಲಿಯಾದ ASIC 2021ರಲ್ಲಿ ನಿಷೇಧಿಸಿದಾಗ ಹೇಳಿದ್ದು, ಸುಮಾರು 80% ಗ್ರಾಹಕರು ದುಡ್ಡು ಕಳ್ಕೊಂಡಿದ್ದಾರೆ ಅಂತ.

ಹಸಿರುಕ್ಯಾಂಡಲ್
ಅಂದ್ರೆ 20% ಜನ ಕಳ್ಕೊಂಡಿಲ್ಲ. ನಾನು ಆ 20ರಲ್ಲಿದ್ದೀನಿ.

ಮೂಲೆಬೆಂಚು
ತೆಗೆದ ದುಡ್ಡು ಮೈನಸ್ ಹಾಕಿದ ದುಡ್ಡು ಎಷ್ಟು ಅಂತ ಹೇಳಿ ಸಾಕು. ಖಾತೆಯಲ್ಲಿ ಕಾಣೋ ಅಂಕಿ ಬೇಡ.

ಹಸಿರುಕ್ಯಾಂಡಲ್
ಇನ್ನೂ ತೆಗೆದಿಲ್ಲ. ಬೆಳೀಲಿ ಅಂತ ಬಿಟ್ಟಿದ್ದೀನಿ.

ಹಳೇಖಾತೆ
ಹಸಿರುಕ್ಯಾಂಡಲ್ ಅಣ್ಣ, ವಾದ ಆಮೇಲೆ ಮಾಡೋಣ. ಈವತ್ತೇ ಅರ್ಧ ತೆಗೀಲಿಕ್ಕೆ ಅರ್ಜಿ ಹಾಕಿ ನೋಡಿ. ಬೋನಸ್ ತಗೊಂಡಿದ್ದೀರಾ?

ಮೌನಗೌರಿ
ಅವನನ್ನ ಪಕ್ಕದಲ್ಲಿ ಕೂರಿಸ್ಕೊಂಡು ಇದನ್ನೆಲ್ಲ ಓದಿಸಿದೆ. 800 ಹಾಕಿ ಗೆದ್ರೂ 60 ನಷ್ಟ ಅನ್ನೋ ಜಾಗದಲ್ಲಿ ಕ್ಯಾಲ್ಕುಲೇಟರ್ ತೆಗೆದು ಎರಡು ಸಲ ಒತ್ತಿದ, ಏನೂ ಮಾತಾಡ್ಲಿಲ್ಲ. ಬೋನಸ್ ತಗೊಳ್ಳಲ್ಲ ಅಂತ ಒಪ್ಪಿದ್ದಾನೆ. ಆದ್ರೆ ಪೂರ್ತಿ ಬಿಡ್ತೀನಿ ಅಂತ ಹೇಳಿಲ್ಲ, ಐದು ನಿಮಿಷದ್ದು ಆಡಿದ್ರೆ ಈ ಕೊನೇ ಅಂಕಿಯ ತೊಂದರೆ ಇರಲ್ಲ ತಾನೆ ಅಂತ ಕೇಳ್ತಿದ್ದಾನೆ.

ಟಿಕ್‌ಟಿಕ್
ಕೊನೇ ಅಂಕಿಯ ತೊಂದರೆ ಕಮ್ಮಿ ಆಗುತ್ತೆ, ಅದು ನಿಜ. 80 ಮಾತ್ರ 80 ಆಗೇ ಇರುತ್ತೆ.

ಹಸಿರುಕ್ಯಾಂಡಲ್
@ಹಳೇಖಾತೆ ಅರ್ಜಿ ಹಾಕಿದ್ದೀನಿ. ಗುರುತಿನ ಚೀಟಿ ಕಳಿಸಿ ಅಂತ ಬಂದಿದೆ.